ಟ್ಯೂಬಿನ ಮೇಲೆ ಎಸ್‌ಪಿಎಫ್ 50, ಮುಖದ ಮೇಲೆ ಎಷ್ಟು?

ಸನ್‌ಸ್ಕ್ರೀನ್ ಟ್ಯೂಬಿನ ಮೇಲೆ ‘ಎಸ್‌ಪಿಎಫ್ 50, ಪಿಎ+++’ ಅಂತ ಬರೆದಿದೆ ಅಂದುಕೊಳ್ಳಿ. ಇವು ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ. ಆದರೆ ಎರಡಕ್ಕೂ ಷರತ್ತು ಒಂದೇ: ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚಿರಬೇಕು. ಮೊದಲು ಎರಡು ಗುರುತುಗಳನ್ನು ನೋಡೋಣ, ಆಮೇಲೆ ಈ 2 ಮಿಲಿಗ್ರಾಂ ಅಂದರೆ ನಮ್ಮ ಕೈಯಲ್ಲಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕೋಣ.

ಎಸ್‌ಪಿಎಫ್: ಕೆಂಪಾಗುವುದರ ಲೆಕ್ಕ

ಪರೀಕ್ಷೆಗೆ ಬಂದವರ ಬೆನ್ನಿನ ಮೇಲೆ ಒಂದು ಕಡೆ ಕ್ರೀಮ್ ಹಚ್ಚುತ್ತಾರೆ, ಪಕ್ಕದ ಜಾಗವನ್ನು ಹಾಗೇ ಬಿಡುತ್ತಾರೆ. ಬಿಸಿಲನ್ನು ಹೋಲುವ ದೀಪದಿಂದ ಎರಡೂ ಕಡೆ ಬೇರೆ ಬೇರೆ ಪ್ರಮಾಣದಲ್ಲಿ ಕಿರಣ ಬಿಡುತ್ತಾರೆ. ಮಾರನೇ ದಿನ ಚರ್ಮ ತುಸು ಕೆಂಪಾಗಲು ಎಲ್ಲಿ ಎಷ್ಟು ಕಿರಣ ಬೇಕಾಯಿತು ಅಂತ ನೋಡುತ್ತಾರೆ. ಕ್ರೀಮ್ ಹಚ್ಚಿದ ಕಡೆ 50 ಪಟ್ಟು ಬೇಕಾದರೆ ಅದು ಎಸ್‌ಪಿಎಫ್ 50. ಅಂದರೆ ಕೆಂಪಾಗಿಸುವ ಕಿರಣದಲ್ಲಿ ಐವತ್ತರಲ್ಲೊಂದು ಪಾಲು, ನೂರಕ್ಕೆ 2, ಚರ್ಮಕ್ಕೆ ತಲುಪುತ್ತದೆ. ಎಸ್‌ಪಿಎಫ್ 30ರಲ್ಲಿ ನೂರಕ್ಕೆ ಸುಮಾರು 3.3 ತಲುಪುತ್ತದೆ.

‘ಒಂದು 97 ತಡೆಯುತ್ತೆ, ಇನ್ನೊಂದು 98, ಏನು ಮಹಾ ವ್ಯತ್ಯಾಸ’ ಅನ್ನೋ ಮಾತು ಕೇಳಿರುತ್ತೀರಿ. ತಡೆದದ್ದನ್ನು ನೋಡಿದರೆ ಹಾಗೇ ಕಾಣುತ್ತದೆ. ಆದರೆ ಚರ್ಮಕ್ಕೆ ಪೆಟ್ಟು ಕೊಡೋದು ಒಳಗೆ ಬಂದದ್ದು. ಅದು ಎಸ್‌ಪಿಎಫ್ 30ರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ.

‘ನಾನು 10 ನಿಮಿಷಕ್ಕೆ ಕೆಂಪಾಗ್ತೀನಿ, 30 ಹಚ್ಚಿದರೆ 300 ನಿಮಿಷ ಆರಾಮ’ ಅನ್ನೋ ಗುಣಾಕಾರವಂತೂ ಬೇಡವೇ ಬೇಡ. ಎಸ್‌ಪಿಎಫ್ ಅಳೆಯೋದು ಕಿರಣದ ಪ್ರಮಾಣವನ್ನು, ಗಡಿಯಾರವನ್ನಲ್ಲ. ಬೆಳಗ್ಗೆ ಎಂಟರ ಬಿಸಿಲು, ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲು ಒಂದೇ ಅಲ್ವಲ್ಲ. ಮೇಲಾಗಿ ಬೆವರಿಗೆ, ಕರ್ಚೀಫಿಗೆ ಕ್ರೀಮ್ ಹೋಗುತ್ತಾ ಇರುತ್ತದೆ. ಬಿಸಿಲಲ್ಲಿ ಇರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅನ್ನೋ ಸಲಹೆ ಎಸ್‌ಪಿಎಫ್ 30ಕ್ಕೂ 50ಕ್ಕೂ ಒಂದೇ.

ಪಿಎ: ಕಪ್ಪಾಗುವುದರ ಲೆಕ್ಕ

ಬಿಸಿಲಿನಲ್ಲಿ ನಮ್ಮನ್ನು ತಲುಪುವ ಅತಿನೇರಳೆ ಕಿರಣದಲ್ಲಿ ಯುವಿಎ, ಯುವಿಬಿ ಅಂತ ಎರಡು ಬಗೆ. ಚರ್ಮವನ್ನು ಕೆಂಪಾಗಿಸೋದು ಹೆಚ್ಚಾಗಿ ಯುವಿಬಿ ಕಿರಣ. ಹಾಗಾಗಿ ಎಸ್‌ಪಿಎಫ್ ಸಂಖ್ಯೆ ನೋಡಿ ಯುವಿಎ ಬಗ್ಗೆ ಹೆಚ್ಚೇನೂ ಹೇಳಲಾಗದು. ಆ ಕೆಲಸಕ್ಕೆ ಪಿಎ ಇದೆ. ಇದು 1996ರಲ್ಲಿ ಜಪಾನಿನಲ್ಲಿ ಶುರುವಾದ ಪದ್ಧತಿ. ಇಲ್ಲಿ ಯುವಿಎ ಮಾತ್ರ ಬಿಡುತ್ತಾರೆ. ಎರಡರಿಂದ ನಾಲ್ಕು ಗಂಟೆಯ ನಂತರ ಚರ್ಮ ಎಷ್ಟು ಕಂದಾಗಿದೆ ಅಂತ ನೋಡಿ, ಮೊದಲಿನ ಹಾಗೇ ‘ಎಷ್ಟು ಪಟ್ಟು’ ಅಂತ ಲೆಕ್ಕ ಹಾಕುತ್ತಾರೆ. ಉತ್ತರ 2ರಿಂದ 4ರೊಳಗೆ ಇದ್ದರೆ ಒಂದು ಪ್ಲಸ್, 4ರಿಂದ 8ರೊಳಗೆ ಎರಡು, 8ರಿಂದ 16ರೊಳಗೆ ಮೂರು, 16 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಾಲ್ಕು. ನಾಲ್ಕನೇ ಪ್ಲಸ್ ಬಂದದ್ದು ಮಾತ್ರ ತಡವಾಗಿ, 2013ರಲ್ಲಿ.

ಈಗ ನಮ್ಮ ಟ್ಯೂಬನ್ನೇ ಮತ್ತೆ ಓದಿ. ಎಸ್‌ಪಿಎಫ್ 50 ಅಂದರೆ ಕೆಂಪಾಗಿಸುವ ಕಿರಣದಲ್ಲಿ ನೂರಕ್ಕೆ 2 ಒಳಗೆ ಬರುತ್ತದೆ. ಪಿಎ+++ ಅಂದರೆ ಯುವಿಎಯಲ್ಲಿ ನೂರಕ್ಕೆ ಸುಮಾರು 6ರಿಂದ 12 ಒಳಗೆ ಬರುತ್ತದೆ. ಒಂದೇ ಕ್ರೀಮಿನಲ್ಲಿ ಇಷ್ಟು ಅಂತರ! ಸುಲಭವಾಗಿ ಕೆಂಪಾಗದೆ ನೇರವಾಗಿ ಕಪ್ಪಾಗುವ ನಮ್ಮಂಥ ಕಂದು ಚರ್ಮದವರು ಪ್ಲಸ್‌ಗಳನ್ನು ಎಣಿಸಿ ಕೊಳ್ಳೋದು ಒಳ್ಳೆಯದು. ಬಸ್ಸಿನ ಕಿಟಕಿ ಪಕ್ಕ ಕೂತು ಓಡಾಡುವವರಿಗೆ ಇನ್ನೂ ಮುಖ್ಯ, ಯಾಕಂದರೆ ಸಾಮಾನ್ಯ ಗಾಜು ಯುವಿಬಿಯನ್ನು ಬಹುಪಾಲು ತಡೆದರೂ ಯುವಿಎಯ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ.

ಒಂದು ಮಿತಿ ಇದೆ. ಮುಖದಲ್ಲಿ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅದನ್ನು ಎಸ್‌ಪಿಎಫ್ಫೂ ಅಳೆಯೋಲ್ಲ, ಪಿಎಯೂ ಅಳೆಯೋಲ್ಲ. ಅವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ನೋಡಬೇಕು.

2 ಮಿಲಿಗ್ರಾಂ ಅಂದರೆ ಎಷ್ಟು?

ಅಳತೆಗೆ ನಿಮ್ಮ ಅಂಗೈಯೇ ಸಾಕು. ಬೆರಳುಗಳೂ ಸೇರಿದ ಅಂಗೈ, ದೊಡ್ಡವರಲ್ಲಿ ಸುಮಾರು 150 ಚದರ ಸೆಂಟಿಮೀಟರ್. ಅಷ್ಟು ಜಾಗಕ್ಕೆ 0.3 ಗ್ರಾಂ ಕ್ರೀಮ್ ಬೇಕು. ಮುಖ, ಕಿವಿ, ಕುತ್ತಿಗೆ ಸೇರಿದರೆ ನಾಲ್ಕು ಅಂಗೈ ಅಂದುಕೊಳ್ಳಿ, ಅಂದರೆ 600 ಚದರ ಸೆಂಟಿಮೀಟರ್. ಒಂದು ಎ4 ಹಾಳೆಯೂ ಹೆಚ್ಚುಕಡಿಮೆ ಅಷ್ಟೇ, 624. ಅಲ್ಲಿಗೆ 1.2 ಗ್ರಾಂ ಆಯಿತು. ಕೇಕ್ ಮಾಡುವವರ ಮನೆಯಲ್ಲಿ ಅಳತೆ ಚಮಚದ ಗೊಂಚಲು ಇರುತ್ತದಲ್ಲ, ಅದರಲ್ಲಿ ಕಾಲು ಟೀಚಮಚ ಅಂದರೆ 1.25 ಮಿಲಿಲೀಟರ್. ಅದರ ತುಂಬ ತೆಗೆದುಕೊಂಡರೆ ಸರಿಹೋಗುತ್ತದೆ. ಒಮ್ಮೆ ಅಳೆದು ನೋಡಿ. ‘ಇಷ್ಟೊಂದಾ!’ ಅನ್ನಿಸುತ್ತದೆ. ಹೆಚ್ಚಿನವರು ಹಚ್ಚೋದು ಇದರ ಅರ್ಧ ಅಥವಾ ಅದಕ್ಕಿಂತ ಕಡಿಮೆ.

ನೀವು ಎಷ್ಟು ಹಚ್ಚುತ್ತೀರಿ ಅಂತ ಟ್ಯೂಬೇ ಹೇಳುತ್ತದೆ. ಒಬ್ಬರು ದಿನಕ್ಕೊಮ್ಮೆ ಮುಖ, ಕಿವಿ, ಕುತ್ತಿಗೆಗೆ ಹಚ್ಚುತ್ತಾರೆ, 50 ಗ್ರಾಂ ಟ್ಯೂಬ್ ಮೂರು ತಿಂಗಳು ಬರುತ್ತದೆ ಅಂದುಕೊಳ್ಳಿ. 50ನ್ನು 90ರಿಂದ ಭಾಗಿಸಿದರೆ ದಿನಕ್ಕೆ 0.55 ಗ್ರಾಂ. ಅದನ್ನು 600 ಚದರ ಸೆಂಟಿಮೀಟರಿಗೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 0.9 ಮಿಲಿಗ್ರಾಂ. ಬೇಕಾದ್ದರ ಅರ್ಧ ಕೂಡ ಇಲ್ಲ. ಸರಿಯಾಗಿ ಹಚ್ಚಿದ್ದರೆ ಆ ಟ್ಯೂಬ್ ಸುಮಾರು 40 ದಿನಕ್ಕೆ ಮುಗಿಯಬೇಕಿತ್ತು.

ಅರ್ಧ ಹಚ್ಚಿದರೆ ಅರ್ಧ ರಕ್ಷಣೆಯಾದರೂ ಸಿಗುತ್ತದಾ? ಗ್ಯಾರಂಟಿ ಇಲ್ಲ. ಕೆಲವು ಪರೀಕ್ಷೆಗಳಲ್ಲಿ ರಕ್ಷಣೆ ಪ್ರಮಾಣಕ್ಕೆ ತಕ್ಕಂತೆ ಇಳಿದಿದೆ, ಆಗ 50ರ ಜಾಗದಲ್ಲಿ 25 ಸಿಗುತ್ತದೆ. ಇನ್ನು ಕೆಲವದರಲ್ಲಿ ವರ್ಗಮೂಲಕ್ಕೆ ಇಳಿದಿದೆ, ಆಗ ಸಿಗೋದು 7 ಅಷ್ಟೇ. ನಿಜವಾದ ಉತ್ತರ ಇವೆರಡರ ನಡುವೆ ಎಲ್ಲೋ ಇರುತ್ತದೆ, ಎಲ್ಲಿ ಅನ್ನೋದು ಕ್ರೀಮ್ ಯಾವುದು, ಅದು ಎಷ್ಟು ಸಮವಾಗಿ ಹರಡಿದೆ ಅನ್ನೋದರ ಮೇಲೆ ನಿಂತಿದೆ. ಪ್ಲಸ್‌ಗಳದ್ದೂ ಇದೇ ಕಥೆ. ಎಸ್‌ಪಿಎಫ್ 30ರ ಕ್ರೀಮಿನ ಮೇಲೆ ಎಸ್‌ಪಿಎಫ್ 20ರ ಫೌಂಡೇಶನ್ ಹಾಕಿದರೂ 50 ಆಗೋದಿಲ್ಲ.

ಒಂದೇ ಸಲ ಅಷ್ಟೂ ಹಚ್ಚಿದರೆ ಮುಖ ಬೆಳ್ಳಗೆ ಕಾಣುತ್ತದೆ, ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಏಳುತ್ತದೆ. ಹಾಗೆ ಎದ್ದರೆ ಅಲ್ಲಿ ಕ್ರೀಮಿನ ಪದರ ಕಿತ್ತುಹೋಗಿದೆ ಅಂತ ತಿಳಿಯಿರಿ. ಅದಕ್ಕೇ ಕಾಲು ಚಮಚವನ್ನು ಎರಡು ಭಾಗ ಮಾಡಿ. ಮೊದಲ ಭಾಗವನ್ನು ಚುಕ್ಕಿ ಚುಕ್ಕಿಯಾಗಿಟ್ಟು ಹರಡಿ, ಒಂದೆರಡು ನಿಮಿಷ ಬಿಟ್ಟು ಎರಡನೆಯದನ್ನು ಉಜ್ಜದೆ ಹಚ್ಚಿ. ಮೊದಲ ಸಲ ತಪ್ಪಿಹೋಗುವ ಕಿವಿಯ ಅಂಚು, ಹಣೆಯ ಕೂದಲ ಗೆರೆ, ಕತ್ತಿನ ಹಿಂಭಾಗ ಎರಡನೇ ಸಲಕ್ಕೆ ಸಿಗುತ್ತವೆ.

ಇನ್ನು ಅರ್ಧ ತೋಳಿನ ಅಂಗಿ ಹಾಕಿ ಗಾಡಿ ಓಡಿಸುವವರ ಲೆಕ್ಕ. ಮೊಣಕೈಯಿಂದ ಬೆರಳಿನ ತನಕ ಒಂದೊಂದು ಕೈಗೆ ಸುಮಾರು ಐದು ಅಂಗೈ, ಅಂದರೆ 1.5 ಗ್ರಾಂ. ಎರಡಕ್ಕೆ 3 ಗ್ರಾಂ. ಮುಖದ್ದೂ ಸೇರಿದರೆ ಒಂದು ಸಲಕ್ಕೆ 4.2 ಗ್ರಾಂ. 50 ಗ್ರಾಂ ಟ್ಯೂಬ್ ಹನ್ನೆರಡು ಸಲಕ್ಕೂ ಸಾಲೋದಿಲ್ಲ! ಅಷ್ಟು ದುಡ್ಡು ಸುರಿಯೋ ಬದಲು ಕೈಗಳಿಗೆ ಒತ್ತಾದ ನೇಯ್ಗೆಯ ತುಂಬು ತೋಳಿನ ಅಂಗಿ ಹಾಕಿ, ಟ್ಯೂಬನ್ನು ಮುಖ, ಕುತ್ತಿಗೆ, ಮುಂಗೈಗೆ ಉಳಿಸಿಕೊಳ್ಳೋದು ವಾಸಿ.