ಓದುಗರ ಪ್ರಶ್ನೆ: “ಯಾರಿಗಾದರೂ ಅನುಮಾನ ಇದೆಯಾ” ಅಂತ ಕೇಳಿದರೆ ಸಾಲದಾ, ಪ್ರೀ-ಮಾರ್ಟಮ್ ಯಾಕೆ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ರೈತರ ಕಂಪನಿ. ಸಂಕ್ರಾಂತಿಗೆ ಅರ್ಧ ಕೆಜಿ ಪೌಚ್‌ನಲ್ಲಿ ಬೆಲ್ಲದ ಪುಡಿ ಬಿಡುತ್ತಿದ್ದೇವೆ. ಮೈಸೂರಿನ ಅಂಗಡಿಗಳು ಒಪ್ಪಿವೆ. ಮೊದಲು ಪ್ರೀ-ಮಾರ್ಟಮ್ ಮಾಡಿ ಅಂತ ಒಬ್ಬರು ಹೇಳಿದರು. ಮೀಟಿಂಗ್‌ನಲ್ಲಿ ನಾವು ಯಾವಾಗಲೂ “ಏನಾದರೂ ಅನುಮಾನ ಇದೆಯಾ” ಅಂತ ಕೇಳುತ್ತೇವೆ. ಅಷ್ಟು ಸಾಲದಾ?

ಉತ್ತರ: ಸಾಲದು. ಅಧ್ಯಕ್ಷರು ಹಿರಿಯರು, ದುಡ್ಡು ಹಾಕಿ ಆಗಿದೆ, ಎಲ್ಲರೂ ಹುರುಪಿನಲ್ಲಿದ್ದಾರೆ. ಆ ಹೊತ್ತಿನಲ್ಲಿ “ಇದು ನಡೆಯಲ್ಲ ಅಣ್ಣ” ಅಂತ ಎದುರಿಗೆ ಹೇಳುವವರು ಯಾರು? ನಿಮ್ಮ ಪ್ರಶ್ನೆಗೆ ಬಾಯಿ ಬಿಟ್ಟವರು ಕೆಲಸಕ್ಕೆ ಅಡ್ಡಗಾಲು ಹಾಕಿದಂತೆ ಕಾಣುತ್ತಾರೆ. ಅದಕ್ಕೇ ಸುಮ್ಮನಿರುತ್ತಾರೆ.

ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿವರಿಸಿದ ಪ್ರೀ-ಮಾರ್ಟಮ್‌ನಲ್ಲಿ ಸೋಲೋ ಗೆಲುವೋ ಎಂಬ ವಾದವೇ ಇರುವುದಿಲ್ಲ. ಸೋತಾಗಿದೆ ಅಂತಲೇ ಶುರು. ಯಾಕೆ ಸೋತೆವು ಅಂತ ಹೇಳುವುದಷ್ಟೇ ಉಳಿದ ಕೆಲಸ. ಒಂದು ಘಟನೆ ನಡೆದೇ ಹೋಗಿದೆ ಅಂತ ಇಟ್ಟುಕೊಂಡರೆ ಜನ ಹೆಚ್ಚು ಕಾರಣ ಕೊಡುತ್ತಾರೆ, ಅದೂ ನಿರ್ದಿಷ್ಟವಾಗಿ ಕೊಡುತ್ತಾರೆ ಅಂತ 1989ರ ಒಂದು ಅಧ್ಯಯನ ತೋರಿಸಿತ್ತು.

ನಿಮ್ಮ ಬೆಲ್ಲವನ್ನೇ ತೆಗೆದುಕೊಳ್ಳೋಣ. ಮೊದಲು ಯೋಜನೆಯನ್ನು ಎಲ್ಲರಿಗೂ ಪೂರ್ತಿ ಹೇಳಿ. ಆಮೇಲೆ ಅಧ್ಯಕ್ಷರು ಹೀಗೆ ಹೇಳಲಿ: “ಈಗ ವರಮಹಾಲಕ್ಷ್ಮಿ ಹಬ್ಬದ ಹೊತ್ತು. ಅಂಗಡಿಯವರು ನಮ್ಮ ಮಾಲನ್ನೆಲ್ಲ ವಾಪಸ್ ಕಳಿಸಿದ್ದಾರೆ. ಏನಾಯಿತು, ಬರೆಯಿರಿ.” ಐದು ನಿಮಿಷ ಯಾರೂ ಮಾತಾಡಬಾರದು, ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ಬರೆಯಲು ಕಷ್ಟ ಅನ್ನುವವರ ಹತ್ತಿರ ಪಕ್ಕಕ್ಕೆ ಕರೆದು ಕೇಳಿಕೊಳ್ಳಿ. ಬರೆದಾದ ಮೇಲೆ ಒಬ್ಬೊಬ್ಬರೂ ಸರದಿಯಂತೆ ಒಂದೊಂದು ಕಾರಣ ಓದಲಿ. ಮೊದಲ ಚೀಟಿ ಅಧ್ಯಕ್ಷರದ್ದೇ ಆಗಿರಬೇಕು. ಅವರೇ ಒಂದು ಕಹಿ ಕಾರಣ ಓದಿದರೆ ಉಳಿದವರಿಗೆ ಧೈರ್ಯ ಬರುತ್ತದೆ.

ವರಮಹಾಲಕ್ಷ್ಮಿ ಅಂತ ನಾನು ಬೇಕೆಂದೇ ಹೇಳಿದೆ. ಸಂಕ್ರಾಂತಿ ಹೊತ್ತಿಗೆ ಗಾಳಿ ಒಣಗಿರುತ್ತದೆ, ಪುಡಿ ಉದುರುದುರಾಗಿ ಚೆನ್ನಾಗೇ ಇರುತ್ತದೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುವ ಪದಾರ್ಥ. ಮಳೆಗಾಲದಲ್ಲಿ ತಾನೇ ಅದರ ಪರೀಕ್ಷೆ?

ಚೀಟಿಗಳಲ್ಲಿ “ಕ್ವಾಲಿಟಿ ಸರಿ ಇರಲಿಲ್ಲ”, “ಮಾರ್ಕೆಟಿಂಗ್ ಸಾಲಲಿಲ್ಲ” ಅಂತ ಬಂದೇ ಬರುತ್ತದೆ. ಅವನ್ನು ಹಾಗೇ ಬರೆದುಕೊಂಡರೆ ಏನೂ ಉಪಯೋಗವಿಲ್ಲ. “ಅಂಗಡಿಯವರ ಕಣ್ಣಿಗೆ ಮೊದಲು ಬಿದ್ದದ್ದೇನು? ಅದಕ್ಕೂ ಮೊದಲು ಏನಾಗಿತ್ತು?” ಅಂತ ಹಿಂದಕ್ಕೆ ಕೇಳುತ್ತಾ ಹೋಗಿ. ಪುಡಿ ಗಂಟು ಕಟ್ಟಿತ್ತು. ಯಾಕೆ? ಪೌಚ್ ಒಳಗೆ ತೇವ ಹೋಗಿತ್ತು. ಹೇಗೆ? ಇಲ್ಲಿ ಮ್ಯಾನೇಜರ್ ತಡವರಿಸಬಹುದು, ಆದರೆ ಪ್ಯಾಕಿಂಗ್ ಮಾಡುವ ಅಕ್ಕನಿಗೆ ಉತ್ತರ ಗೊತ್ತಿರುತ್ತದೆ: ತುಂಬುವಾಗ ಪುಡಿ ಪೌಚ್‌ನ ಬಾಯಿಗೆ ಅಂಟುತ್ತದೆ, ಅದರ ಮೇಲೆ ಸೀಲ್ ಒತ್ತಿದರೆ ನಡುವೆ ಸಣ್ಣ ಸಂದು ಉಳಿಯುತ್ತದೆ. ದಿನಾ ನೋಡುತ್ತಿದ್ದರೂ ಯಾರೂ ಕೇಳದ ಕಾರಣ ಅವರು ಹೇಳಿರುವುದಿಲ್ಲ. ಹಾಗಾಗಿ ಆ ಅಕ್ಕ, ಮಾಲು ಒಯ್ಯುವ ಡ್ರೈವರ್, ಒಬ್ಬ ಅಂಗಡಿಯವರು ಕೋಣೆಯಲ್ಲಿ ಇರಲೇಬೇಕು. ಬರೀ ಡೈರೆಕ್ಟರುಗಳು ಕೂತರೆ ಡೈರೆಕ್ಟರುಗಳಿಗೆ ಗೊತ್ತಿರುವುದು ಮಾತ್ರ ಹೊರಬರುತ್ತದೆ.

ಅಂಗಡಿಯವರ ಚೀಟಿಯಲ್ಲಿ ಬೇರೆಯದೇ ಇರಬಹುದು: “ಬಣ್ಣ ಕಪ್ಪಗಿದೆ ಅಂತ ಜನ ಕೊಳ್ಳಲಿಲ್ಲ.” ಬಣ್ಣ ತಿಳಿಯಾಗಲಿ ಅಂತ ಬಳಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದಾಗೇ ಇರುತ್ತದೆ. ಅದನ್ನು ಪೌಚ್ ಮೇಲೆ ಒಂದು ಸಾಲಿನಲ್ಲಿ ಹೇಳಿದರೆ ಆಯಿತು.

ಎಲ್ಲ ಕಾರಣಕ್ಕೂ ಪರಿಹಾರ ಹುಡುಕುತ್ತಾ ಕೂರಬೇಡಿ. ಬಂದರೆ ಮಾಲೆಲ್ಲ ಹೋಗುವಂಥದ್ದು, ಈಗಲೇ ಏನಾದರೂ ಮಾಡಬಹುದಾದದ್ದು, ಅಂಥ ಎರಡು ಮೂರನ್ನು ಆರಿಸಿ. ಸೀಲ್ ವಿಷಯಕ್ಕೆ ಕೆಲಸ ಹೀಗೆ: ತುಂಬಿದ ಮೇಲೆ ಪೌಚ್‌ನ ಬಾಯಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಸೀಲ್ ಮಾಡುವುದು. ಪ್ರತಿ ಬ್ಯಾಚ್‌ನಿಂದ ಕೆಲವು ಪೌಚ್ ತೆಗೆದು ಬಕೆಟ್ ನೀರಿನಲ್ಲಿ ಮುಳುಗಿಸಿ ಅದುಮುವುದು. ಗುಳ್ಳೆ ಬಂದರೆ ಆ ಬ್ಯಾಚ್ ಹೊರಗೆ ಹೋಗಬಾರದು. ಇನ್ನು ಕೆಲವನ್ನು ಒದ್ದೆ ಬಟ್ಟೆಯ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ವಾರ ವಾರ ಒಡೆದು ನೋಡಿ. ಸೀಲ್ ಗಟ್ಟಿಯಿದ್ದೂ ಪುಡಿ ಗಂಟಾದರೆ ತಪ್ಪು ಪೌಚ್‌ನ ಪದರದಲ್ಲಿದೆ, ಅಥವಾ ಪುಡಿಯೇ ಸರಿಯಾಗಿ ಒಣಗಿಲ್ಲ. ಯಾರು ನೋಡಬೇಕು, ಯಾವ ತಾರೀಖಿನೊಳಗೆ ಅಂತ ಹೆಸರು ಹಾಕಿ ಬರೆದಿಡಿ.

ಇದೆಲ್ಲ ಪೌಚ್ ಪ್ರಿಂಟ್‌ಗೆ ಆರ್ಡರ್ ಕೊಡುವ ಮುಂಚೆ ಆಗಬೇಕು. ಪ್ರಿಂಟ್ ಮಾಡುವವರು ಸಣ್ಣ ಲಾಟ್ ತೆಗೆದುಕೊಳ್ಳುವುದು ಕಡಿಮೆ. ಒಮ್ಮೆ ದೊಡ್ಡ ಲಾಟ್ ಬಂದುಬಿಟ್ಟರೆ ಪದರ ಬದಲಿಸಿ ಅಂತ ಹೇಳುವ ಮನಸ್ಸು ಯಾರಿಗೂ ಬರುವುದಿಲ್ಲ. ಡಬ್ಬಿಯ ಪರೀಕ್ಷೆಗೂ ಕೆಲವು ವಾರ ಬೇಕು, ಅಷ್ಟು ದಿನ ಕೈಯಲ್ಲಿಲ್ಲದಿದ್ದರೆ ಸಂಕ್ರಾಂತಿಗೆ ಪ್ರಿಂಟ್ ಇಲ್ಲದ ಪೌಚ್‌ಗೆ ಲೇಬಲ್ ಅಂಟಿಸಿ ಸ್ವಲ್ಪವೇ ಮಾಲು ಬಿಡಿ.