ಡಿಸೆಂಬರ್‌ನಲ್ಲಿ ಅರ್ಜಿ, ಜನವರಿಯಲ್ಲಿ ರಜೆ: ಹಳೆಯ ರಜೆ ಉಳಿಯುತ್ತದೆಯೇ?

ಪ್ರಶ್ನೆ: ನವೆಂಬರ್ ಮಧ್ಯದಲ್ಲಿ ನನ್ನ ಖಾತೆಯಲ್ಲಿ 15 ದಿನಗಳ ಗಳಿಕೆ ರಜೆ ಇದೆ. ಮುಂದಿನ ವರ್ಷಕ್ಕೆ 10 ದಿನ ಮಾತ್ರ ಕ್ಯಾರಿ ಫಾರ್ವರ್ಡ್ ಆಗುತ್ತದೆ, ಉಳಿದದ್ದು ಡಿಸೆಂಬರ್ 31ಕ್ಕೆ ಲ್ಯಾಪ್ಸ್ ಆಗುತ್ತದೆ ಎಂದು ನಿಯಮ ಹೇಳುತ್ತದೆ. ಡಿಸೆಂಬರ್ ಮುಗಿಯುವ ಮೊದಲೇ ಜನವರಿ ರಜೆಗೆ ಅರ್ಜಿ ಹಾಕಿದರೆ ಹೆಚ್ಚುವರಿ 5 ದಿನ ಉಳಿಸಿಕೊಳ್ಳಬಹುದೇ?

ಉತ್ತರ: ಸಾಮಾನ್ಯವಾಗಿ ಸಾಧ್ಯವಿಲ್ಲ. ಹೆಚ್ಚಿನ ಸಂಸ್ಥೆಗಳಲ್ಲಿ ರಜೆಯನ್ನು ಖಾತೆಯಿಂದ ಕಳೆಯುವುದು ಅರ್ಜಿ ಸಲ್ಲಿಸಿದ ದಿನಾಂಕವನ್ನು ನೋಡಿ ಅಲ್ಲ, ನೀವು ನಿಜವಾಗಿ ಗೈರಾಗಿರುವ ದಿನಾಂಕವನ್ನು ನೋಡಿ. ಅರ್ಜಿ ಡಿಸೆಂಬರ್ ಮೊದಲ ವಾರದಲ್ಲೇ ಮಂಜೂರಾಗಿದ್ದರೂ ಜನವರಿಯ ರಜೆ ಹೊಸ ವರ್ಷದ ಲೆಕ್ಕಕ್ಕೇ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹೆಚ್ಚುವರಿ ರಜೆ 5 ದಿನಗಳದ್ದೂ ಅಲ್ಲದಿರಬಹುದು.

ವರ್ಷಕ್ಕೆ 24 ದಿನಗಳ ರಜೆ, ಪ್ರತಿ ತಿಂಗಳ ಕೊನೆಯಲ್ಲಿ 2 ದಿನಗಳಂತೆ ಜಮೆಯಾಗುತ್ತದೆ ಎಂದಿಟ್ಟುಕೊಳ್ಳಿ. ಈಗ ಕಾಣುತ್ತಿರುವ 15ಕ್ಕೆ ನವೆಂಬರ್ ಕೊನೆಯಲ್ಲಿ 2, ಡಿಸೆಂಬರ್ ಕೊನೆಯಲ್ಲಿ ಮತ್ತೆ 2 ಸೇರಿ, ವರ್ಷಾಂತ್ಯದ ಶಿಲ್ಕು 19 ಆಗುತ್ತದೆ. ಅಂದರೆ ಬಳಸಬೇಕಾದದ್ದು 5 ಅಲ್ಲ, 9 ದಿನ. ಪರದೆಯ ಮೇಲಿನ ಇಂದಿನ ಅಂಕಿಯನ್ನೇ ನೆಚ್ಚಿಕೊಂಡವರು ಜನವರಿಯಲ್ಲಿ ಬೆಚ್ಚಿಬೀಳುವುದು ಇದರಿಂದಲೇ. ಡಿಸೆಂಬರ್ 31ರಂದು ಜಮೆಯಾಗುವ 2 ದಿನಗಳನ್ನು ಆ ವರ್ಷದೊಳಗೆ ಬಳಸಲು ಅವಕಾಶವೇ ಇಲ್ಲ. ಮಿತಿಯ 10 ದಿನಗಳಲ್ಲಿ ಅವಕ್ಕೆ ಜಾಗ ಬಿಟ್ಟು, ನವೆಂಬರ್ ಅಂತ್ಯದ 17ರಲ್ಲಿ 9ನ್ನು ಬಳಸಿದರೆ ಲೆಕ್ಕ ಸರಿಹೋಗುತ್ತದೆ.

ಈಗ ದಿನಾಂಕಗಳಿಗೆ ಬರೋಣ. ಡಿಸೆಂಬರ್ 31 ಗುರುವಾರ ಬರುವ ವರ್ಷ, ವಾರಕ್ಕೆ 5 ದಿನಗಳ ಕೆಲಸ. ನೀವು ಡಿಸೆಂಬರ್ 28ರ ಸೋಮವಾರದಿಂದ ಜನವರಿ 8ರ ಶುಕ್ರವಾರದವರೆಗೆ ಒಂದೇ ಅರ್ಜಿಯಲ್ಲಿ 10 ದಿನ ಕೇಳಿದರೆ, ಹಳೆಯ ವರ್ಷದಿಂದ ಕಳೆಯುವುದು ಮೊದಲ 4 ದಿನ ಮಾತ್ರ. ಉಳಿದ 6 ದಿನ ಹೊಸ ವರ್ಷದವು. 10 ದಿನ ರಜೆ ಹಾಕಿಯೂ 5 ದಿನ ಕಳೆದುಕೊಂಡಂತಾಯಿತು. ಬದಲಿಗೆ ಡಿಸೆಂಬರ್ 21ರ ಸೋಮವಾರದಿಂದ 31ರವರೆಗೆ ಕೇಳಿದರೆ 9 ಕೆಲಸದ ದಿನಗಳೂ ಹಳೆಯ ವರ್ಷದೊಳಗೇ ಬೀಳುತ್ತವೆ. ಈ ನಡುವೆ ಸಾರ್ವತ್ರಿಕ ರಜೆಯೊಂದು ಬಂದು ಅದನ್ನು ನಿಮ್ಮ ಖಾತೆಯಿಂದ ಕಳೆಯದಿದ್ದರೆ, ಅಷ್ಟು ದಿನ ಮುಂಚಿತವಾಗಿ ಆರಂಭಿಸಬೇಕು.

ಆದರೆ ಎಲ್ಲರೂ ಕೇಳುವುದು ಆ ಎರಡು ವಾರಗಳನ್ನೇ, ಮೇಲಧಿಕಾರಿ ಎಲ್ಲರಿಗೂ ಒಪ್ಪಲಾರರು. ಆದ್ದರಿಂದ ಅರ್ಜಿಯನ್ನು ನವೆಂಬರ್‌ನಲ್ಲೇ ಸಲ್ಲಿಸಿ, ಸಾಧ್ಯವಾದರೆ 4 ದಿನ ಡಿಸೆಂಬರ್ ಮೊದಲ ವಾರಕ್ಕೂ 5 ದಿನ ಕೊನೆಯ ಭಾಗಕ್ಕೂ ಹಂಚಿ ಕೇಳುವುದು ಒಳ್ಳೆಯದು. ಮಂಜೂರಾಗದೆ ಬಾಕಿ ಉಳಿದ ಅರ್ಜಿಯ ಅಪಾಯವನ್ನು ಹಲವರು ಗಮನಿಸುವುದಿಲ್ಲ. ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ಅದು ತಿರಸ್ಕೃತವಾದರೆ ಆ ದಿನಗಳು ಹಳೆಯ ಖಾತೆಗೆ ಮರಳುತ್ತವೆ, ಮಿತಿ ಮೀರಿದ್ದರಿಂದ ಅಲ್ಲಿಯೇ ಲ್ಯಾಪ್ಸ್ ಆಗುತ್ತವೆ. ಹಾಗಾಗಿ ನಿರಾಕರಣೆಯಾದರೂ ಬೇಗ, ಬರವಣಿಗೆಯಲ್ಲಿ ಬರಲಿ. ಕೆಲಸದ ಒತ್ತಡದಿಂದ ನಿರಾಕರಿಸಿದ ರಜೆಯನ್ನು ಮಿತಿ ಮೀರಿಯೂ ಮುಂದುವರಿಸಲು ಬಿಡುವ ನಿಯಮಗಳಿವೆ. ಅದಕ್ಕೆ ಆಧಾರವಾಗುವುದು ಈ ದಾಖಲೆಯೇ, ಬಾಯಿಮಾತಿನ ‘ಈಗ ಬೇಡ, ಆಮೇಲೆ ನೋಡೋಣ’ ಅಲ್ಲ. 2018ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ನೌಕರ ಅರ್ಜಿ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ ಆತನ ವಾರ್ಷಿಕ ರಜೆ ತಾನಾಗಿಯೇ ಕಳೆದುಹೋಗದು, ರಜೆ ಪಡೆಯಲು ನಿಜವಾದ ಅವಕಾಶ ಕೊಟ್ಟಿದ್ದನ್ನು ಉದ್ಯೋಗದಾತನೇ ತೋರಿಸಬೇಕು ಎಂದಿತು. ಆದರೆ ಅದು ಆ ಒಕ್ಕೂಟದ ಕಾನೂನು. ಬೇರೆಡೆ ಅದನ್ನು ನಂಬಿ ಸುಮ್ಮನೆ ಕೂರುವಂತಿಲ್ಲ.

ಸಾಂದರ್ಭಿಕ ರಜೆಯೂ ಉಳಿದಿದ್ದರೆ ಯಾವುದನ್ನು ಮೊದಲು ಬಳಸಬೇಕು? ಅದು ಹೆಚ್ಚಿನ ಕಡೆ ಒಂದು ದಿನವೂ ಮುಂದುವರಿಯುವುದಿಲ್ಲ. ಗಳಿಕೆ ರಜೆಯ ಹೆಚ್ಚುವರಿ ದಿನಗಳನ್ನು ನಗದೀಕರಿಸಿಕೊಳ್ಳಲು ಅವಕಾಶವಿದ್ದರೆ, ಸಾಂದರ್ಭಿಕ ರಜೆಯನ್ನು ಮೊದಲು ಮುಗಿಸುವುದೇ ಲಾಭ. ಆ ಅವಕಾಶವಿಲ್ಲದಿದ್ದರೆ ಎರಡರಲ್ಲಿ ಯಾವುದನ್ನು ಬಿಟ್ಟರೂ ನಷ್ಟ ಒಂದೇ.

ಮುಂದುವರಿದ 10 ದಿನಗಳಿಗೂ ಕೆಲವೆಡೆ ಮಾರ್ಚ್ 31ರಂತಹ ಗಡುವು ಇರುತ್ತದೆ. ಹಾಗಿದ್ದರೆ, ಫೆಬ್ರವರಿಯಲ್ಲಿ ನೀವು ಹಾಕುವ ರಜೆ ಯಾವ ಖಾತೆಯಿಂದ ಕಳೆಯುತ್ತದೆ ಎಂದು ಎಚ್.ಆರ್. ವಿಭಾಗವನ್ನು ಕೇಳಿ. ಹಳೆಯದು ಮೊದಲು ಕಳೆಯುವುದಾದರೆ ಚಿಂತೆಯಿಲ್ಲ. ಹೊಸದು ಮೊದಲು ಕಳೆಯುವ ವ್ಯವಸ್ಥೆಯಲ್ಲಿ ಜನವರಿ ಕೊನೆಗೆ ಜಮೆಯಾದ 2 ದಿನ ಮುಗಿದ ಮೇಲಷ್ಟೇ ಹಳೆಯದಕ್ಕೆ ಕೈಹಾಕಲಾಗುತ್ತದೆ. ಅಲ್ಲಿ ಫೆಬ್ರವರಿಯಲ್ಲಿ 4 ದಿನ ರಜೆ ಹಾಕಿದರೂ ಹಳೆಯದರಲ್ಲಿ 8 ಉಳಿದೇ ಇರುತ್ತದೆ, ಅದನ್ನು ಮುಗಿಸಲು ಮಾರ್ಚ್ ಒಂದೇ ತಿಂಗಳು ಸಿಗುತ್ತದೆ.