ಐದು ಮೀಟರ್ ಕಡಿಮೆ ಬಿದ್ದಾಗ

ರಸ್ತೆಯಲ್ಲಿ ಗಾಡಿಗೆ ಗಾಡಿ ಗುದ್ದಿದ ಕೂಡಲೇ ಸುತ್ತ ನೆರೆದವರು ತೀರ್ಪು ಕೊಟ್ಟುಬಿಡುತ್ತಾರೆ: "ಹಿಂದಿನಿಂದ ಬಂದವನದ್ದೇ ತಪ್ಪು." ಬಹಳಷ್ಟು ಸಲ ಅದು ಸರಿಯೇ. ಆದರೆ ಯಾಕೆ ಸರಿ ಎಂದು ಗೊತ್ತಿಲ್ಲದೆ ಹೇಳುವುದರಿಂದ, ಅದು ಸರಿಯಲ್ಲದ ಕಡೆಯೂ ಅದೇ ತೀರ್ಪು ಬೀಳುತ್ತದೆ. ನನಗೆ ಬೇಸರವಿರುವುದು ಅಲ್ಲೇ.

ಎರಡು ಕಾರುಗಳು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದರ ಹಿಂದೊಂದು ಹೋಗುತ್ತಿವೆ ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಣ ಡಾಂಬರಿನ ಮೇಲೆ ಬಲವಾಗಿ ಬ್ರೇಕ್ ಒತ್ತಿದರೆ ಎರಡೂ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತವೆ. ಹಾಗಾದರೆ ಇಬ್ಬರಿಗೂ ಅಷ್ಟೇ ದೂರ ಬೇಕು, ಮತ್ತೆ ಗುದ್ದುವುದು ಹೇಗೆ? ಒಂದೇ ಉದ್ದದ ಎರಡು ಹಗ್ಗಗಳನ್ನು ನೆಲದ ಮೇಲೆ ಹಾಸಿ ನೋಡಿ. ಮುಂದಿನವನ ಹಗ್ಗ ಅವನು ಬ್ರೇಕ್ ಒತ್ತಿದ ಜಾಗದಿಂದ ಶುರುವಾಗುತ್ತದೆ. ಹಿಂದಿನವನು ಕೆಂಪು ದೀಪ ಕಂಡು, ಅದೇನೆಂದು ತಿಳಿದು, ಕಾಲನ್ನು ಬ್ರೇಕಿನ ಮೇಲಿಡಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಅವನ ಕಾರು 25 ಮೀಟರ್ ಓಡಿಬಿಟ್ಟಿರುತ್ತದೆ. ಅವನ ಹಗ್ಗ ಶುರುವಾಗುವುದೇ ಅಲ್ಲಿಂದ. ಹಗ್ಗದ ಉದ್ದ ಎರಡರದ್ದೂ ಒಂದೇ ಆದ್ದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವುದು ಆ 25 ಮೀಟರ್ ಮಾತ್ರ. ಸುರಕ್ಷಿತ ಅಂತರವನ್ನು ಮೀಟರಿಗಿಂತ ಸೆಕೆಂಡಿನಲ್ಲಿ ಅಳೆಯುವುದು ಇದಕ್ಕೇ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದನ್ನು ದಾಟಲು ಎರಡು ಸೆಕೆಂಡ್ ಹಿಡಿದರೆ ನಿಮ್ಮ ಹತ್ತಿರ ಅರ್ಧ ಸೆಕೆಂಡ್ ಉಳಿತಾಯವಿದೆ. ಹಿಂದಿರುವುದು ಲೋಡು ತುಂಬಿದ ಲಾರಿಯಾದರೆ ಅದರ ಹಗ್ಗವೇ ಉದ್ದ; ಎರಡು ಸೆಕೆಂಡ್ ಸಾಲದು.

ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಲೆಕ್ಕ. 25 ಮೀಟರ್ ಬೇಕಾದಲ್ಲಿ 20 ಮೀಟರ್ ಮಾತ್ರ ಬಿಟ್ಟಿದ್ದೀರಿ. "ಐದು ಮೀಟರ್ ತಾನೇ, ಬಂಪರ್ ಸ್ವಲ್ಪ ಉಜ್ಜೀತು" ಅನ್ನಿಸುತ್ತದೆ. ಆದರೆ ಬ್ರೇಕ್ ಅಳಿಸಬೇಕಾದ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತಿರುತ್ತದೆ. ಹಾಗಾಗಿ 20 ಮೀಟರಿನ ಹಗ್ಗದಲ್ಲಿ ಕೊನೆಯ ಕಾಲುಭಾಗ ಉಳಿದಿರುವಾಗಲೂ ಅರ್ಧ ವೇಗ ಹಾಗೇ ಇರುತ್ತದೆ. ಐದು ಮೀಟರ್ ಕಡಿಮೆ ಬಿದ್ದರೆ, ಆಗಲೇ ನಿಂತಿರುವ ಕಾರಿಗೆ ನೀವು ಗುದ್ದುವುದು 30 ಕಿಲೋಮೀಟರ್ ವೇಗದಲ್ಲಿ. ಬ್ರೇಕ್ ಹಿಡಿಯಲಿಲ್ಲ, ಗ್ರಹಚಾರ ಸರಿಯಿರಲಿಲ್ಲ ಎನ್ನುವವರಲ್ಲಿ ಎಷ್ಟೋ ಜನರ ಬ್ರೇಕ್ ಚೆನ್ನಾಗಿಯೇ ಕೆಲಸ ಮಾಡಿರುತ್ತದೆ. ನಿಂಬೆಹಣ್ಣು ಕಟ್ಟಿದರೆ ಈ ಐದು ಮೀಟರ್ ಬರುವುದಿಲ್ಲ.

ಈ ಅಂತರ ಯಾರ ಕೈಯಲ್ಲಿದೆ? ಹಿಂದಿನವನ ಕಾಲಿನಲ್ಲಿ. ಹೊಣೆ ಅವನ ಮೇಲೆ ಬೀಳುವುದು ಅದಕ್ಕೇ. 1989ರ ರಸ್ತೆ ನಿಯಮಾವಳಿಯ 23ನೇ ನಿಯಮ, ಮುಂದಿನ ಗಾಡಿ ದಿಢೀರನೆ ನಿಂತರೂ ಗುದ್ದದಷ್ಟು ಅಂತರ ಬಿಡಿ ಎಂದಿತು. ಲಾರಿಯ ಹಿಂದೆ 10–15 ಅಡಿ ಅಂತರದಲ್ಲಿ ಹೋಗುತ್ತಿದ್ದ ಕಾರೊಂದು ಅದಕ್ಕೆ ಗುದ್ದಿದ ಪ್ರಕರಣದಲ್ಲಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದು ಸುರಕ್ಷಿತ ಅಂತರವೇ ಅಲ್ಲ ಎಂದು ಹೇಳಿ ಕಾರಿನ ಚಾಲಕನ ನಿರ್ಲಕ್ಷ್ಯವನ್ನು ಎತ್ತಿಹಿಡಿಯಿತು. 60ರ ವೇಗದಲ್ಲಾದರೆ 15 ಅಡಿ ಮುಗಿಯಲು ಕಾಲು ಸೆಕೆಂಡ್ ಸಾಕು. ಅಷ್ಟರಲ್ಲಿ ಕಾಲು ಆಕ್ಸಿಲರೇಟರ್ ಬಿಟ್ಟು ಎದ್ದೂ ಇರುವುದಿಲ್ಲ.

ಆದರೆ ಅದೇ ನಿಯಮಾವಳಿಯ 24ನೆಯದು ಮುಂದಿನವನಿಗೆ ಹೇಳಿದ್ದು: ಸುರಕ್ಷತೆಗೆ ಅಗತ್ಯವಿಲ್ಲದೆ ದಿಢೀರ್ ಬ್ರೇಕ್ ಹಾಕಬೇಡಿ. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಹೋಗುತ್ತಿದ್ದಾಗ ಮುಂದಿನ ಕಾರು ಹೆದ್ದಾರಿಯಲ್ಲೇ ಗಕ್ಕನೆ ನಿಂತಿತು. ಗರ್ಭಿಣಿ ಹೆಂಡತಿಗೆ ವಾಂತಿ ಬರುವಂತಾಯಿತು ಎಂಬುದು ಚಾಲಕನ ವಿವರಣೆ. ಬೈಕು ಕಾರಿಗೆ ಗುದ್ದಿ ಹುಡುಗ ರಸ್ತೆಗೆ ಬಿದ್ದ, ಹಿಂದಿನ ಬಸ್ಸು ಅವನ ಮೇಲೆ ಹರಿಯಿತು, ಕಾಲು ಕತ್ತರಿಸಬೇಕಾಯಿತು. ನ್ಯಾಯಮಂಡಳಿ ಕಾರಿನವನನ್ನು ಪೂರ್ತಿ ಬಿಟ್ಟುಬಿಟ್ಟಿತ್ತು. ಹೈಕೋರ್ಟ್ ಅವನಿಗೆ ಶೇ. 40 ಹೊರಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಕಾರಿನವನಿಗೆ ಶೇ. 50, ಬಸ್ಸಿಗೆ 30, ವಿದ್ಯಾರ್ಥಿಗೆ 20 ಎಂದು ಹಂಚಿತು. ಹಿಂದಿನವರಿಗೆ ಯಾವ ಸೂಚನೆಯನ್ನೂ ಕೊಡದೆ ಹೆದ್ದಾರಿಯ ನಡುವೆ ನಿಲ್ಲಿಸುವುದಕ್ಕೆ ಆ ಕಾರಣ ಒಪ್ಪತಕ್ಕದ್ದಲ್ಲ ಎಂದಿತು. ವಿದ್ಯಾರ್ಥಿಯೂ ಸಾಕಷ್ಟು ಅಂತರ ಬಿಟ್ಟಿರಲಿಲ್ಲ, ಅವನ ಬಳಿ ಲೈಸೆನ್ಸೂ ಇರಲಿಲ್ಲ. ಆ 20 ಅದಕ್ಕೆ. ಈ ಹಂಚಿಕೆ ನನಗೆ ನ್ಯಾಯವಾಗಿ ಕಾಣುತ್ತದೆ. ನಾಯಿ ಅಡ್ಡ ಬಂದು ಬ್ರೇಕ್ ಹೊಡೆದಿದ್ದರೆ ಮಾತೇ ಬೇರೆ.

ನೀವು ಬಿಟ್ಟ 25 ಮೀಟರಿನೊಳಗೆ ಇನ್ನೊಬ್ಬ ಪಕ್ಕದಿಂದ ನುಸುಳಿ ಬ್ರೇಕ್ ಹೊಡೆದರೂ ಹಾಗೆಯೇ. ಅಂತರವನ್ನು ತಿಂದವನು ಅವನು.

ಮುಂದಿನ ಗಾಡಿಯ ಬ್ರೇಕ್ ದೀಪವೇ ಉರಿಯುತ್ತಿರಲಿಲ್ಲ ಎಂಬ ವಾದವೂ ಇದೆ. ಹಳೆಯ ಬಲ್ಬಾದರೆ ಅದನ್ನು ಪರೀಕ್ಷಿಸಬಹುದು. ಉರಿಯುತ್ತಿದ್ದ ಬಲ್ಬಿನ ಟಂಗ್‌ಸ್ಟನ್ ತಂತಿ ಕಾದು ಮೆತ್ತಗಾಗಿರುತ್ತದೆ. ಗುದ್ದಿದ ಏಟಿಗೆ ಅದರ ಸುರುಳಿ ಎಳೆದಂತೆ ಹಿಗ್ಗುತ್ತದೆ. ಆರಿದ್ದ ಬಲ್ಬಿನ ತಂತಿ ಸುರುಳಿ ಹಾಗೇ ಇರುತ್ತದೆ, ಇಲ್ಲವೇ ಗಾಜಿನಂತೆ ಚೂಪಾಗಿ ತುಂಡಾಗುತ್ತದೆ. ಈಗಿನ ಎಲ್‌ಇಡಿ ದೀಪಗಳಲ್ಲಿ ಕಾಯುವ ತಂತಿಯೇ ಇಲ್ಲ, ಆ ಗುರುತೂ ಉಳಿಯುವುದಿಲ್ಲ. ಅಲ್ಲಿ ಡ್ಯಾಶ್‌ಕ್ಯಾಮ್ ದೃಶ್ಯವನ್ನೇ ಹುಡುಕಬೇಕು.